ಮೊದಲ ವಜ್ರ ಸದಸ್ಯೆ

ಆ ಕನ್ನಡಕದಂಗಡಿಗೆ ಹೆಸರು ಬಂದದ್ದು ಕನ್ನಡಕ ಮಾರಿದ್ದರಿಂದಲ್ಲ, ಮಾರದೆ ಕಳಿಸಿದ್ದರಿಂದ. ಒಂದೇ ಬಾಗಿಲಿನ ಅಂಗಡಿ ಇದ್ದ ಕಾಲದಿಂದಲೂ ಅದರ ಯಜಮಾನ ದೊಡ್ಡಪ್ಪನಿಗೆ ಒಂದು ಚಾಳಿ. ಹೊಸ ಕನ್ನಡಕ ಬೇಕೆಂದು ಯಾರಾದರೂ ಬಂದರೆ ಮೊದಲು ಅವರ ಮುಖದ ಮೇಲಿದ್ದ ಹಳೆಯದನ್ನು ಕಿತ್ತುಕೊಳ್ಳುವುದು, ತಿರುವಿಮುರುವಿ ನೋಡುವುದು, ಕಣ್ಣು ಪರೀಕ್ಷಿಸುವುದು. ಪವರ್ ಬದಲಾಗಿಲ್ಲದಿದ್ದರೆ ಕಡ್ಡಿಯ ತಿರುಪು ಬಿಗಿ ಮಾಡಿ, ಮೂಗಿನ ಮೇಲೆ ಕೂರುವ ಮೆತ್ತೆಗಳನ್ನು ಬದಲಿಸಿ, "ಬೇಡ. ಇದೇ ಸಾಕು. ಹೋಗಿ" ಎಂದು ಗದರಿ ಕಳಿಸುವುದು. ಕಾಸು ತೆಗೆದುಕೊಳ್ಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಬೈಸಿಕೊಂಡವರು ಮನೆಗೆ ಹೋಗಿ ಅತ್ತೆಯನ್ನೂ ಮಾವನನ್ನೂ ಕರೆದುಕೊಂಡು ಬರುತ್ತಿದ್ದರು. ಅಂಗಡಿ ಒಂದಿದ್ದದ್ದು ಐದಾಯಿತು.

ಐದಾದ ಮೇಲೆ ದೊಡ್ಡಪ್ಪನಿಗೆ ವಯಸ್ಸೂ ಆಯಿತು. ಅವರ ಕುರ್ಚಿಯ ಮೇಲೆ ಕಣ್ಣಿಟ್ಟವರು ಮನೆಯಲ್ಲಿ ಇಬ್ಬರು. ಒಬ್ಬ ಅವರ ಸ್ವಂತ ಮಗ. ವ್ಯಾಪಾರದ ಓದು ಓದಿ ಬಂದವನು, ಮಾತು ತೆಗೆದರೆ ಅಷ್ಟು ಪರ್ಸೆಂಟು, ಇಷ್ಟು ಪರ್ಸೆಂಟು. ಹಾಗಾಗಿ ನೌಕರರು ಅವನಿಗೆ ಬೆನ್ನ ಹಿಂದೆ ಪರ್ಸೆಂಟಣ್ಣ ಎಂದು ಹೆಸರಿಟ್ಟಿದ್ದರು. ಇನ್ನೊಬ್ಬಳು ತೀರಿಹೋದ ತಮ್ಮನ ಮಗಳು. ಕಣ್ಣು ಪರೀಕ್ಷೆಯ ಓದು ಓದಿ, ಬಸ್ ನಿಲ್ದಾಣದ ಹಿಂದಿನ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದಳು. ದೊಡ್ಡಪ್ಪನ ಮೂಗು ಬಂದಿರಲಿಲ್ಲ, ಚಾಳಿ ಮಾತ್ರ ಹಾಗೇ ಬಂದಿತ್ತು. ಅವಳಿಗೂ ಹೆಸರು ಬಿದ್ದಿತ್ತು: ಬೇಡಮ್ಮ. ಅದು ಕಿವಿಗೆ ಬಿದ್ದಾಗ ಅವಳು ಸಿಟ್ಟಾಗಲಿಲ್ಲ. ಪರ್ಸೆಂಟಣ್ಣನ ಹೆಸರಿಗಿಂತ ಇದು ವಾಸಿ ಎಂದುಕೊಂಡಳು.

ರಾಮಾಯಣ ಶುರುವಾದದ್ದು ಎದುರು ಬೀದಿಯಲ್ಲಿ ಥಳಥಳಿಸುವ ಹೊಸ ಕನ್ನಡಕದ ಮಳಿಗೆಯೊಂದು ಬಾಗಿಲು ತೆರೆದಾಗ. ಒಂದು ಕೊಂಡರೆ ಒಂದು ಉಚಿತ ಎಂದು ಅವರು ಗಾಜಿನ ತುಂಬ ಬರೆಸಿದ್ದರು. ಪರ್ಸೆಂಟಣ್ಣನಿಗೆ ಊಟ ಸೇರಲಿಲ್ಲ. ನಮಗೂ ಒಂದು ನಿಷ್ಠೆ ಯೋಜನೆ ಬೇಕು, ಗಿರಾಕಿಗಳನ್ನು ಕಟ್ಟಿಹಾಕಬೇಕು ಎಂದು ಒಬ್ಬ ಸಲಹೆಗಾರನನ್ನು ಕರೆತಂದ. ಸುಡುವ ಬಿಸಿಲಿನಲ್ಲೂ ಕೋಟು ಬಿಚ್ಚದ ಆಸಾಮಿ. ಮುಖ್ಯ ಅಂಗಡಿಯ ಮೇಲಿನ ಕೋಣೆಯಲ್ಲಿ, ಖಾಲಿ ಫ್ರೇಮುಗಳ ಪೆಟ್ಟಿಗೆಗಳ ನಡುವೆ ಪರದೆ ಕಟ್ಟಿ, ಅವನು ಚಿತ್ರ ತೋರಿಸಿದ. ಕಂಚು, ಬೆಳ್ಳಿ, ಬಂಗಾರ, ವಜ್ರ. ಬಿಲ್ಲಿನ ಮೊತ್ತಕ್ಕೆ ತಕ್ಕಂತೆ ಪಾಯಿಂಟು. ಪಾಯಿಂಟು ಕೂಡಿಸಿದಷ್ಟೂ ಮೇಲಿನ ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಹೆಚ್ಚು ರಿಯಾಯಿತಿ. ಒಂದು ವರ್ಷದೊಳಗೆ ಬಳಸದಿದ್ದರೆ ಪಾಯಿಂಟು ರದ್ದು.

ಬೇಡಮ್ಮ ಕೈ ಎತ್ತಿದಳು. "ಇದನ್ನ ಮೊದಲು ಯಾರಿಗೆ ಮಾಡಿಕೊಟ್ಟಿದ್ರಿ?"

"ದಿನಸಿ ಮಳಿಗೆಗಳಿಗೆ ಮೇಡಂ. ಭರ್ಜರಿ ಯಶಸ್ಸು."

"ಅಕ್ಕಿ ಬೇಳೆ ವಾರ ವಾರ ಬೇಕು. ಕನ್ನಡಕ ಎರಡು ಮೂರು ವರ್ಷಕ್ಕೊಂದು. ಒಂದು ವರ್ಷಕ್ಕೆ ಪಾಯಿಂಟು ಸತ್ತುಹೋದ್ರೆ ಅದನ್ನ ಬಳಸೋರು ಯಾರು?"

ಕೋಟಿನವನ ಮುಖ ಅರಳಿತು. ಇಂಥ ಪ್ರಶ್ನೆಗೇ ಕಾದಿದ್ದವನಂತೆ ಹೇಳಿದ: "ಅದೇ ಇದರ ಸೊಗಸು. ಬಳಸದೆ ಉಳಿದ ಪಾಯಿಂಟೆಲ್ಲ ನಮಗೆ ಲಾಭ. ಬಳಸಬೇಕು ಅಂತ ಆಸೆ ಇರೋರು ವರ್ಷದೊಳಗೇ ಇನ್ನೊಂದು ಜೊತೆ ಕೊಳ್ತಾರೆ. ಎರಡೂ ಕಡೆಯಿಂದ ನಾವೇ ಗೆಲ್ಲೋದು."

ಗಿರಾಕಿ ಮರೆತರೆ ಲಾಭ, ನೆನಪಿಟ್ಟುಕೊಂಡರೆ ಅವನ ತಲೆಗೆ ಬೇಡದ ಕನ್ನಡಕ. ಇದಕ್ಕೆ ನಿಷ್ಠೆ ಎಂಬ ಹೆಸರು. ಬೇಡಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುವ ಜಾಗವಲ್ಲ ಅದು ಎಂದು ಅಣ್ಣ ಕಣ್ಣಲ್ಲೇ ಗದರಿದ. ಅವಳು ಇನ್ನಷ್ಟು ನಕ್ಕಳು.

"ಹಾಗಾದ್ರೆ ನೀನೇ ಹೇಳಮ್ಮ, ನಿನ್ನ ಯೋಜನೆ ಏನು?" ಎಂದರು ದೊಡ್ಡಪ್ಪ. ಅವರು ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಹೋಗಿದ್ದಾರೆ ಎಂದೇ ಎಲ್ಲರೂ ತಿಳಿದಿದ್ದರು.

ಬೇಡಮ್ಮ ಪರದೆ ಗಿರದೆ ತಂದಿರಲಿಲ್ಲ. ಎದ್ದು ನಿಂತು ಹೇಳಿದಳು. "ರಿಯಾಯಿತಿ ಯಾರು ಬೇಕಾದ್ರೂ ಕೊಡಬಹುದು ದೊಡ್ಡಪ್ಪ. ನಾವು ಹತ್ತು ಕೊಟ್ರೆ ಎದುರುಗಡೆಯವರು ಹದಿನೈದು ಕೊಡ್ತಾರೆ. ಅವರು ಕೊಡೋಕಾಗದ್ದು ಒಂದೇ, ನಮ್ಮ ಬೇಡ. ಜನ ನಮ್ಮ ಹತ್ರ ಬರೋದು ಅದಕ್ಕೇ. ಆ ಬೇಡವನ್ನೇ ಯೋಜನೆ ಮಾಡೋಣ. ವರ್ಷಕ್ಕೊಂದು ಸಲ ನಾವೇ ಕರೆದು ಕಣ್ಣು ನೋಡೋಣ, ಬಿಟ್ಟಿ. ಪವರ್ ಬದಲಾಗಿಲ್ಲ ಅಂದ್ರೆ ಬೇಡ ಅಂತ ಹೇಳಿ ಹಳೇ ಫ್ರೇಮು ಸರಿ ಮಾಡಿಕೊಡೋಣ. ರಿಪೇರಿಗೆ ಬಿಟ್ರೆ ಅಲ್ಲೀವರೆಗೆ ಹಾಕ್ಕೊಳ್ಳೋಕೆ ಒಂದು ಕನ್ನಡಕ ಕೈಬದಲು ಕೊಡೋಣ. ಬೇರೆ ಅಂಗಡೀಲಿ ಹೊಸದು ಹಾಕಿಸ್ಕೊಳ್ಳಿ ಅಂದಿದ್ರೆ, ಅದು ನಿಜವಾಗ್ಲೂ ಬೇಕಾ ಅಂತ ನಮ್ಮಲ್ಲಿ ಬಂದು ಕೇಳಲಿ. ಮೆಟ್ಟಿಲು ಗಿಟ್ಟಿಲು ಏನೂ ಬೇಡ. ನಮ್ಮ ಹುಡುಗರ ಬೋನಸ್ಸು ಬಿಲ್ಲಿನ ಮೇಲಲ್ಲ, ಎಷ್ಟು ಜನ ತಿರುಗಿ ಬಂದ್ರು ಅನ್ನೋದರ ಮೇಲೆ."

"ಭೇಷ್," ಎಂದ ಪರ್ಸೆಂಟಣ್ಣ. "ಕೊಳ್ಳದೇ ಇರೋರಿಗೆ ಸತ್ಕಾರ. ಬರುವಾಗ ಬಸ್ ಚಾರ್ಜೂ ಕೊಟ್ಟುಬಿಡೋಣ."

ಕೋಟಿನವನು ಹಲ್ಲು ಗಿಂಜಿದ. ಲೆಕ್ಕ ಬರೆಯುವವರೂ ನಕ್ಕರು. ದೊಡ್ಡಪ್ಪ ಮಾತ್ರ ನಗದೆ ಇಬ್ಬರನ್ನೂ ನೋಡಿ, ಮನೆಯ ಜಗಳ ಬಿಡಿಸುವವರ ಹಾಗೆ ತೀರ್ಮಾನ ಕೊಟ್ಟರು. ನಾಲ್ಕು ಅಂಗಡಿಯಲ್ಲಿ ಅಣ್ಣನ ಪಾಯಿಂಟು, ಬಸ್ ನಿಲ್ದಾಣದ ಹಿಂದಿನದರಲ್ಲಿ ತಂಗಿಯ ಬೇಡ. ವರ್ಷ ಕಳೆಯಲಿ, ಯಾವುದು ನಮ್ಮ ಅಂಗಡಿ ಅನ್ನಿಸುತ್ತೋ ಅದು ಐದಕ್ಕೂ. ಯಾರದು ಉಳಿಯುತ್ತೋ ಅವರು ಈ ಕುರ್ಚಿಯಲ್ಲಿ ಕೂರಲಿ. ನನಗೂ ಸಾಕಾಗಿದೆ.

ನಾಲ್ಕಕ್ಕೆ ಒಂದು ಯಾವ ನ್ಯಾಯ ಎಂದು ಬೇಡಮ್ಮನಿಗೆ ಒಳಗೇ ಉರಿಯಿತು. ಆದರೆ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು.

ಪಾಯಿಂಟು ಯೋಜನೆಯ ವೈಭೋಗವನ್ನು ಏನೆಂದು ಹೇಳುವುದು. ಮುಖ್ಯ ಅಂಗಡಿಯ ಬಾಗಿಲಲ್ಲಿ ಬಲೂನು ತೂಗುಬಿದ್ದವು. ಕೌಂಟರಿನ ಹುಡುಗಿಯರಿಗೆ ಹೊಸ ಸಮವಸ್ತ್ರ ಬಂತು, ಹೊಸ ನಗು ಬಂತು. ಗಿರಾಕಿಗಳ ಫೋನಿಗೆ ಬೆಳಗೆದ್ದರೆ ಸಂದೇಶ: "ಪ್ರಿಯ ಗ್ರಾಹಕರೇ, ನಿಮ್ಮ ಪಾಯಿಂಟುಗಳು ನಿಮಗಾಗಿ ಕಾಯುತ್ತಿವೆ." ಮುಂದಿನ ತಿಂಗಳು: "ನಿಮ್ಮ ಪಾಯಿಂಟುಗಳು ಸಾಯುವ ಮೊದಲು ಬನ್ನಿ." ಯಾರ ಮನೆಯ ಸಾವಿಗೂ ಇಷ್ಟು ಕರೆ ಹೋಗಿರಲಿಕ್ಕಿಲ್ಲ. ಹಬ್ಬವೂ ಇಲ್ಲ ಹರಿದಿನವೂ ಇಲ್ಲ, ಡಬಲ್ ಪಾಯಿಂಟ್ ವಾರ ಎಂಬುದೊಂದು ಹುಟ್ಟಿತು. ಆ ವಾರ ಅಂಗಡಿ ಗಿಜಿಗುಟ್ಟುತ್ತಿತ್ತು, ಅದರ ಹಿಂದಿನ ಎರಡು ವಾರ ನೊಣ ಹೊಡೆಯುತ್ತಿತ್ತು. ಹೇಗೂ ಕೊಳ್ಳಬೇಕೆಂದಿದ್ದವರು ಕಾದು ಅಗ್ಗಕ್ಕೆ ಕೊಳ್ಳುವುದನ್ನು ಕಲಿತರು, ಅಷ್ಟೇ. ಗಿಜಿಗುಟ್ಟುವ ವಾರದ ಫೋಟೋ ತೆಗೆದು ಪರ್ಸೆಂಟಣ್ಣ ದೊಡ್ಡಪ್ಪನಿಗೆ ಕಳಿಸುತ್ತಿದ್ದ. ನೊಣದ ವಾರದ ಫೋಟೋ ತೆಗೆಯುವುದು ಅವನಿಗೆ ಹೊಳೆಯಲಿಲ್ಲ. ಎದುರು ಮಳಿಗೆಯವರು ತ್ರಿಬಲ್ ಪಾಯಿಂಟ್ ಎಂದು ಬರೆಸಿದರು. ಅವನು ಕೋಟಿನವನಿಗೆ ಫೋನ್ ಮಾಡಿ ತ್ರಿಬಲ್‌ಗಿಂತ ಮೇಲೆ ಏನಿದೆ ಎಂದು ಕೇಳಿದ.

ಇದಕ್ಕಿಂತ ದೊಡ್ಡ ಬದಲಾವಣೆ ಒಳಗೆ ಆಗುತ್ತಿತ್ತು, ಅದು ಫೋಟೋದಲ್ಲಿ ಬೀಳುವಂಥದ್ದಲ್ಲ. ಕೌಂಟರಿನವರ ಬೋನಸ್ಸು ಪಾಯಿಂಟಿಗೆ ತಗಲಿಹಾಕಿಕೊಂಡಿತ್ತು. ಬೇಡ ಎಂದರೆ ಪಾಯಿಂಟಿಲ್ಲ, ಪಾಯಿಂಟಿಲ್ಲದಿದ್ದರೆ ಬೋನಸ್ಸಿಲ್ಲ. ಯಾರೂ ಅವರಿಗೆ ಬೇಡ ಅನ್ನಬೇಡಿ ಎಂದು ಆಜ್ಞೆ ಮಾಡಲಿಲ್ಲ. ಮಾಡುವ ಅಗತ್ಯವೂ ಬೀಳಲಿಲ್ಲ. ಆ ಪದ ನಾಲ್ಕು ಅಂಗಡಿಗಳ ನಾಲಗೆಯಿಂದ ತಾನಾಗಿಯೇ ಜಾರಿಹೋಯಿತು. ಕಣ್ಣು ಪರೀಕ್ಷೆಗೆ ಕೊಡುತ್ತಿದ್ದ ಹೊತ್ತೂ ಕಡಿಮೆಯಾಯಿತು. ಯಂತ್ರದ ಮುಂದೆ ಗಲ್ಲ ಇಡಿಸಿ, ಅದು ಉಗುಳಿದ ಅಂಕಿ ನೋಡಿ, ಎರಡು ಲೆನ್ಸು ಹಾಕಿ ತೆಗೆದು, "ಸ್ವಲ್ಪ ಬದಲಾಗಿದೆ ಸಾರ್, ಹೊಸ ಫ್ರೇಮು ನೋಡ್ತೀರಾ?" ಮುಗಿಯಿತು.

ಬಸ್ ನಿಲ್ದಾಣದ ಹಿಂದೆ ಬೇಡಮ್ಮ ತನ್ನ ಹಟ ಸಾಧಿಸುತ್ತಿದ್ದಳು. ಸುಲಭವೇನಿರಲಿಲ್ಲ. ಮೊದಮೊದಲು ಗಲ್ಲಾ ಸೊರಗಿತು, ಅವಳ ಮುಖವೂ. ಬಿಟ್ಟಿ ರಿಪೇರಿಗೆ ಬಂದವರೇ ಬೆಂಚು ತುಂಬ. ಕೈಬದಲು ಕೊಟ್ಟ ಕನ್ನಡಕದ ಮೇಲೆ ಒಬ್ಬ ಮಹಾಶಯ ಕೂತು ಮುರಿದು, ಅದನ್ನೂ ರಿಪೇರಿ ಮಾಡಿಕೊಡಿ ಎಂದ. ಆದರೂ ಒಂದು ವಿಷಯ ಅವಳು ಗಮನಿಸಿದಳು. ಬೇಡ ಅನ್ನಿಸಿಕೊಂಡವರು ಸುಮ್ಮನೆ ಹೋಗುತ್ತಿರಲಿಲ್ಲ. ನಮ್ಮ ಓರಗಿತ್ತಿಗೆ ತಲೆನೋವು, ನಮ್ಮ ಭಾವನಿಗೆ ರಾತ್ರಿ ಗಾಡಿ ಓಡಿಸಲು ಕಷ್ಟ, ಇವರನ್ನು ನೋಡುತ್ತೀರಾ ಎಂದು ಕೇಳುತ್ತಿದ್ದರು. ಬಂದವರಲ್ಲಿ ಬೇಕಾದವರಿಗೆ ಅವಳು ಬೇಕು ಎನ್ನುತ್ತಿದ್ದಳು. ಅವರು ಬೆಲೆ ಕೇಳದೆ ಮಾಡಿಸಿಕೊಳ್ಳುತ್ತಿದ್ದರು. ಅವಳ ಬೇಕು ಎಂಬುದಕ್ಕೆ ಬೆಲೆ ಬಂದದ್ದು ಅವಳ ಬೇಡದಿಂದಲೇ. ಇದನ್ನು ದೊಡ್ಡಪ್ಪನಿಗೆ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿತು. ಆದರೆ ಪರ್ಸೆಂಟಣ್ಣನ ಬಣ್ಣದ ಗೆರೆಗಳ ಮುಂದೆ ಓರಗಿತ್ತಿಯ ತಲೆನೋವನ್ನು ಇಡುವುದು ಹೇಗೆ?

ವರ್ಷ ತುಂಬುವ ಹೊತ್ತಿಗೆ ಪರ್ಸೆಂಟಣ್ಣ ಒಂದು ಸಮಾರಂಭ ಹೂಡಿದ. ನಾಲ್ಕು ಅಂಗಡಿಗಳಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟು ಕೂಡಿಸಿದವರಿಗೆ ಮೊದಲ ವಜ್ರ ಸದಸ್ಯರೆಂಬ ಪದವಿ. ಭಾನುವಾರ ಬೆಳಗ್ಗೆ, ಮುಖ್ಯ ಅಂಗಡಿಯಲ್ಲೇ. ದೊಡ್ಡಪ್ಪನ ಎದುರೇ ಅದು ನಡೆಯಬೇಕು, ಅದನ್ನು ನೋಡಿ ಅವರು ಕುರ್ಚಿ ಬಿಟ್ಟು ಏಳಬೇಕು. ಹಂಚಿಕೆ ಇದ್ದದ್ದು ಹಾಗೆ. ತಂಗಿಯನ್ನೂ ಕರೆದ. ಸೋತವರು ಇಲ್ಲದಿದ್ದರೆ ಗೆದ್ದದ್ದಕ್ಕೆ ರುಚಿ ಎಲ್ಲಿ.

ವಜ್ರ ಸದಸ್ಯೆ ನಿವೃತ್ತ ಗಣಿತದ ಟೀಚರ್. ಪರ್ಸೆಂಟಣ್ಣನಿಗೆ ಶಾಲೆಯಲ್ಲಿ ಶೇಕಡಾ ಲೆಕ್ಕ ಕಲಿಸಿದ್ದೇ ಅವರು ಎಂದು ಗೊತ್ತಾದಾಗ ಅವನ ಆನಂದ ಹೇಳತೀರದು. ಟೀಚರ್ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಮ್ಮ ತಂಗಿಯ ಮಗಳ ಕೈ ಹಿಡಿದು ಬಂದರು. ಮೂಗಿನ ಮೇಲೆ ಹೊಚ್ಚ ಹೊಸ ಕನ್ನಡಕ. ಬಾಗಿಲಲ್ಲಿ ನಿಂತು ಕ್ಷಣ ಹೊತ್ತು ಕಣ್ಣು ಕಿರಿದು ಮಾಡಿದರು. ಹೂಗುಚ್ಛ ಕೊಟ್ಟರು. ಗಾಜಿನ ಫಲಕ ಕೊಟ್ಟರು. ಕೋಟಿನವನು ಚಪ್ಪಾಳೆ ತಟ್ಟಿ, ಎಲ್ಲರೂ ತಟ್ಟಿದರೋ ಇಲ್ಲವೋ ಎಂದು ಸುತ್ತ ನೋಡಿದ.

"ಈ ವರ್ಷ ಟೀಚರ್ ನಮ್ಮಲ್ಲಿ ನಾಲ್ಕು ಜೊತೆ ಕನ್ನಡಕ ಮಾಡಿಸಿದ್ದಾರೆ!" ಎಂದು ಪರ್ಸೆಂಟಣ್ಣ ಮೈಕಿನಲ್ಲಿ ಘೋಷಿಸಿದ. "ನಿಷ್ಠೆ ಅಂದ್ರೆ ಇದು!"

ಹಿಂದಿನ ಸಾಲಿನಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಬೇಡಮ್ಮನ ಕೈ ಬಾಯಿಯ ಹತ್ತಿರ ನಿಂತಿತು. ಒಂದೇ ವರ್ಷಕ್ಕೆ ನಾಲ್ಕು ಜೊತೆಯೇ? ಅಲಂಕಾರಕ್ಕೆ ಕೊಳ್ಳುವ ವಯಸ್ಸಲ್ಲ, ಆ ಜಾತಿಯ ಮನುಷ್ಯರೂ ಅಲ್ಲ. ಈ ವಯಸ್ಸಿನವರ ಪವರ್ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ಅದು ಓಡತೊಡಗಿದರೆ ಕನ್ನಡಕದ ಮಾತಲ್ಲ ಅದು, ಕಣ್ಣಿನ ಮಾತು.

ಟೀಚರ್‌ಗೆ ಎರಡು ಮಾತಾಡಲು ಹೇಳಿದರು. ಅವರು ಮೈಕು ಹಿಡಿದು, ಮೇಲಿನ ಅಲಂಕಾರದ ದೀಪಗಳನ್ನು ನೋಡಿ ನಕ್ಕರು. "ಎಷ್ಟು ಚೆಂದ ಮಾಡಿದೀರಪ್ಪ. ಒಂದೊಂದು ದೀಪಕ್ಕೂ ಬಳೆ ತೊಡಿಸಿದ್ದೀರಿ."

ಜನ ಚಪ್ಪಾಳೆ ತಟ್ಟಿದರು. ದೀಪಗಳಿಗೆ ಯಾವ ಬಳೆಯೂ ಇರಲಿಲ್ಲ; ಬಳೆ ಇದ್ದದ್ದು ಟೀಚರ್ ಕಣ್ಣಿನಲ್ಲಿ. ಬೇಡಮ್ಮ ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟು ಎದ್ದಳು.

ಚಹಾ ಕುಡಿಯುವ ಗದ್ದಲದಲ್ಲಿ ಅವಳು ಟೀಚರ್ ಬಳಿ ಹೋಗಿ, "ಒಂದ್ನಿಮಿಷ ಒಳಗೆ ಬರ್ತೀರಾ ಟೀಚರ್?" ಎಂದು ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿನ ಕತ್ತಲಲ್ಲಿ ಕೂರಿಸಿ ಕೇಳಿದಳು. ಹೌದು, ಮೂರು ತಿಂಗಳಿಗೊಮ್ಮೆ ದೂರದ್ದು ಮಂಜಾಗುತ್ತೆ. ಹೌದು, ಹೊಸ ಕನ್ನಡಕ ಹಾಕಿದ ಮೇಲೆ ಒಂದಿಷ್ಟು ದಿನ ವಾಸಿ, ಆಮೇಲೆ ಮತ್ತೆ ಅದೇ. ಹತ್ತಿರದ್ದು ಮಾತ್ರ ಕನ್ನಡಕ ಇಲ್ಲದೆಯೇ ಓದಲು ಬರ್ತಿದೆ, ಈ ವಯಸ್ಸಿಗೆ ಎಂಥ ಪುಣ್ಯ ನೋಡು. ಬೇಡಮ್ಮ ಆ ಪುಣ್ಯವನ್ನು ಓದಿನ ದಿನಗಳಿಂದಲೇ ಬಲ್ಲಳು. ಕಣ್ಣಿನೊಳಗಿನ ಮಸೂರ ಗಟ್ಟಿಯಾಗುತ್ತಾ ಬಂದಾಗ ಅದು ಕೊಡುವ ಮೋಸದ ಪುಣ್ಯ.

ಸೂಜಿ ತೂತಿನ ಹಲಗೆಯನ್ನು ಒಂದೊಂದು ಕಣ್ಣಿನ ಮುಂದೆ ಹಿಡಿದು ಅಕ್ಷರ ಓದಿಸಿದಳು. ತಪ್ಪು ಬರೀ ಲೆನ್ಸಿನದಾಗಿದ್ದರೆ ಆ ತೂತಿನ ಮೂಲಕ ಅಕ್ಷರ ತಿಳಿಯಾಗಬೇಕು. ಆಗಲಿಲ್ಲ. ಕಣ್ಣಿನೊಳಗೆ ಬೆಳಕು ಬಿಡುವ ಉಪಕರಣ ತೆಗೆದು ನೋಡಿದಳು. ಪಾಪೆಯ ಹಿಂದಿನಿಂದ ಕೆಂಪಗೆ ಹೊಳೆದು ಬರಬೇಕಾದ ಬೆಳಕು ಕೊಳೆನೀರಿನ ತಳದಿಂದ ಬಂದ ಹಾಗೆ ಮಬ್ಬಾಗಿತ್ತು. ಎರಡೂ ಕಣ್ಣಿನಲ್ಲಿ.

"ಟೀಚರ್, ನಿಮಗೆ ಪೊರೆ ಬಂದಿರೋ ಹಾಗೆ ಕಾಣುತ್ತೆ. ಚೆನ್ನಾಗಿ ಬೆಳೆದಿದೆ. ಕನ್ನಡಕದಿಂದ ಇದು ಹೋಗಲ್ಲ, ಎಷ್ಟು ಜೊತೆ ಮಾಡಿಸಿದ್ರೂ. ಕಣ್ಣಿನ ಡಾಕ್ಟರ ಹತ್ರ ಹೋಗಿ, ನಾಳೆಯೇ. ಶಸ್ತ್ರಕ್ರಿಯೆ ಮಾಡ್ತಾರೆ, ಭಯ ಬೇಡ."

ಟೀಚರ್ ಹೊಸ ಕನ್ನಡಕ ಕಳಚಿ ಮಡಿಲಲ್ಲಿ ಇಟ್ಟುಕೊಂಡರು. ಗಣಿತದವರು; ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದಿರಬೇಕು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪರ್ಸೆಂಟಣ್ಣ ಬಂದ, ಹಿಂದೆಯೇ ದೊಡ್ಡಪ್ಪ. ವಜ್ರ ಸದಸ್ಯೆಯನ್ನು ತಂಗಿ ಎಲ್ಲಿಗೆ ಎಳೆದುಕೊಂಡು ಹೋದಳೋ ಎಂಬ ಗಾಬರಿ ಅವನದು. ಬೇಡಮ್ಮ ನಾಲ್ಕು ಮಾತಿನಲ್ಲಿ ವಿಷಯ ಹೇಳಿದಳು.

"ಅದು ಹೇಗೆ ಸಾಧ್ಯ?" ಎಂದ ಅವನು. "ಪ್ರತಿ ಸಲ ಪವರ್ ನಿಜವಾಗ್ಲೂ ಬದಲಾಗಿತ್ತು. ಯಂತ್ರ ಸುಳ್ಳು ಹೇಳಲ್ಲ. ನಾವು ಬೇಡದ್ದನ್ನ ಕೊಟ್ಟಿಲ್ಲ."

"ಸುಳ್ಳು ಯಾರೂ ಹೇಳಿಲ್ಲ ಅಣ್ಣ. ವರ್ಷದಲ್ಲಿ ಎರಡನೇ ಸಲ ಪವರ್ ಓಡಿದ್ರೆ ಕನ್ನಡಕ ಕೊಡಬಾರದು, ಕೂರಿಸಿ ಒಳಗೆ ನೋಡಬೇಕು, ಡಾಕ್ಟರಿಗೆ ಕಳಿಸಬೇಕು. ಇದು ಈ ಮನೆಯ ಪದ್ಧತಿ. ನಿಮ್ಮವರು ಎರಡನೇ ಸಲಕ್ಕೆ ಬೆಳ್ಳಿ ಕೊಟ್ರು, ಮೂರನೇ ಸಲಕ್ಕೆ ಬಂಗಾರ. ಕನ್ನಡಕದಂಗಡೀಲಿ ಎಲ್ಲರಿಗಿಂತ ಜಾಸ್ತಿ ಕೊಂಡಿರೋರು ಯಾರು ಅಂತ ಹುಡುಕಿದ್ರೆ ಸಿಗೋದು ನಿಷ್ಠೆ ಇರೋರಲ್ಲ. ನಮ್ಮ ಕೈಲಿ ವಾಸಿಯಾಗದೆ ಇರೋರು. ಅವರನ್ನ ಹುಡುಕಿ ಹೂಗುಚ್ಛ ಕೊಟ್ಟಿದ್ದೀಯ."

ಇಷ್ಟು ಹೇಳುವಾಗ ಅವಳಿಗೆ ಗೆದ್ದೆ ಎಂಬ ಖುಷಿ ಒಳಗೆಲ್ಲೋ ಚಿಗುರಿತ್ತು, ಅದು ಸುಳ್ಳಲ್ಲ. ಅದನ್ನು ಕಿತ್ತುಹಾಕಿದವರು ಟೀಚರ್. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು, ದೊಡ್ಡಪ್ಪ ನಿಂತ ಕಡೆಗೆ ಮುಖ ತಿರುಗಿಸಿದರು. ಕೃತಜ್ಞತೆಯ ಮುಖವಾಗಿರಲಿಲ್ಲ ಅದು.

"ನನಗೆ ಹೊಸದಾಗಿ ಕೆಲಸ ಸಿಕ್ಕಿದ ವರ್ಷ ನಿಮ್ಮಲ್ಲಿ ಕನ್ನಡಕ ಕೊಳ್ಳೋಕೆ ಬಂದಿದ್ದೆ. ನೀವು ಬೈದು ಕಳಿಸಿದ್ರಿ. ಇನ್ನೊಮ್ಮೆ ಬಂದೆ, ಮತ್ತೆ ಬೈದ್ರಿ. ಅವತ್ತಿಂದ ನಾನು ಬೇರೆ ಅಂಗಡಿ ಮೆಟ್ಟಿಲು ಹತ್ತಿಲ್ಲ. ಎದುರುಗಡೆ ಒಂದಕ್ಕೊಂದು ಬಿಟ್ಟಿ ಕೊಡ್ತಾರೆ ಅಂತ ನನ್ನ ತಂಗಿ ಮಗಳು ಹೇಳಿದಾಗ, ಅವರು ಮಾರೋರು, ಇವರು ಹೇಳೋರು ಅಂದೆ. ಈ ವರ್ಷ ನಾಲ್ಕು ಸಲ ನಿಮ್ಮ ಹುಡುಗರು ಬೇಕು ಅಂದ್ರು. ಈ ಅಂಗಡಿಯವರು ಬೇಕು ಅಂದ್ರೆ ಬೇಕೇ ಇರುತ್ತೆ ಅಂತ ನಾನು ಒಂದು ಸಲವೂ ತಿರುಗಿ ಕೇಳಲಿಲ್ಲ." ಅವರು ಉಸಿರು ತೆಗೆದುಕೊಂಡರು. "ಎದುರು ಅಂಗಡಿಗೆ ಹೋಗಿದ್ರೆ ಅನುಮಾನನಾದ್ರೂ ಪಡ್ತಿದ್ದೆ."

ಕೌಂಟರಿನ ಹುಡುಗಿಯೊಬ್ಬಳು ಬಾಗಿಲಿಂದ ಇಣುಕಿ, ಗುಂಪಿನ ಫೋಟೋಗೆ ಬರಬೇಕಂತೆ ಎಂದಳು. ದೊಡ್ಡಪ್ಪ ಅವಳನ್ನು ನೋಡಿದ ನೋಟಕ್ಕೆ ಅವಳ ಹೊಸ ನಗು ಮಾಯವಾಯಿತು.

ಟೀಚರ್ ಫಲಕವನ್ನು ಅಲ್ಲೇ ಬಿಟ್ಟು ಹೋದರು. ಹೂಗುಚ್ಛ ತೆಗೆದುಕೊಂಡು ಹೋದರು, ಹೂವಿನದೇನು ತಪ್ಪು. ತಂಗಿಯ ಮಗಳು ಮೆಟ್ಟಿಲಿಳಿಸುವಾಗ ಒಂದೊಂದು ಮೆಟ್ಟಿಲನ್ನೂ ಬಾಯಲ್ಲಿ ಹೇಳುತ್ತಿದ್ದಳು. ದೊಡ್ಡಪ್ಪ ಕಿಟಕಿಯಲ್ಲಿ ನಿಂತು ಅದನ್ನೇ ನೋಡಿದರು. ಅವರ ಮುಖದಲ್ಲಿದ್ದದ್ದು ನಾಚಿಕೆ. ಅಂಥ ಮುಖವನ್ನು ಬೇಡಮ್ಮ ಆವರೆಗೆ ಕಂಡಿರಲಿಲ್ಲ, ಇನ್ನೊಮ್ಮೆ ಕಾಣುವುದೂ ಅವಳಿಗೆ ಬೇಕಿರಲಿಲ್ಲ.

ಮೇಲಿನ ಕೋಣೆಗೆ ಹೋದ ಮೇಲೆ ಕೋಟಿನವನು ಬಾಯಿ ಬಿಟ್ಟ. ಇದೊಂದು ದುರದೃಷ್ಟಕರ ಪ್ರಸಂಗ, ಯೋಜನೆಯದೇನೂ ದೋಷವಿಲ್ಲ, ಟೀಚರ್‌ಗೆ ಸಹಾನುಭೂತಿಯ ಪಾಯಿಂಟು ಕೊಟ್ಟು ಸಮಾಧಾನ ಮಾಡಬಹುದು ಎಂದ.

"ನೀವು ಕೋಟು ತೆಗೀರಿ," ಎಂದರು ದೊಡ್ಡಪ್ಪ.

"ಸಾರ್?"

"ಅಥವಾ ಹಾಕ್ಕೊಂಡೇ ಹೋಗಿ. ಹೋಗೋದಂತೂ ಹೋಗಿ."

ಅವನು ಹೋದ. ದೊಡ್ಡಪ್ಪ ಬೇಡಮ್ಮನ ಕಡೆ ತಿರುಗಿ, ಇವತ್ತಿಂದಲೇ ಐದಕ್ಕೂ ನಿನ್ನದೇ ಎಂದರು. ಹುಡುಗರ ಬೋನಸ್ಸಿನಿಂದ ಹಿಡಿದು ಪರೀಕ್ಷೆಯ ಹೊತ್ತಿನವರೆಗೆ ಎಲ್ಲ ನಿನ್ನ ಲೆಕ್ಕದಲ್ಲೇ ನಡೆಯಲಿ ಎಂದರು. ಕುರ್ಚಿಯನ್ನೂ ಅವಳ ಕಡೆಗೆ ತಳ್ಳಿದರು. ವರ್ಷವಿಡೀ ಈ ಮಾತಿಗೆ ಕಾದಿದ್ದವಳು ಕೂರಲಿಲ್ಲ.

"ಟೀಚರ್ ಒಬ್ಬರೇ ಅಲ್ಲ ದೊಡ್ಡಪ್ಪ," ಎಂದಳು. "ಬಂಗಾರದಲ್ಲಿ ಇರೋರು, ವಜ್ರದ ಬಾಗಿಲಲ್ಲಿ ಇರೋರು, ವರ್ಷದಲ್ಲಿ ಎರಡು ಮೂರು ಸಲ ಮಾಡಿಸಿರೋರು, ಎಲ್ಲರನ್ನೂ ಕರೆಸಿ ನೋಡಬೇಕು. ಯಾರ ಕಣ್ಣಲ್ಲಿ ಏನಿದೆಯೋ. ಸಕ್ಕರೆ ಕಾಯಿಲೆ ಏರಿಳಿದ್ರೂ ಪವರ್ ಹೀಗೆ ಕುಣಿಯುತ್ತೆ."

"ಜನ ಕೂಡಿಸಿರೋ ಪಾಯಿಂಟು?" ಎಂದ ಪರ್ಸೆಂಟಣ್ಣ. ಆ ಹೊತ್ತಿನಲ್ಲೂ ಅವನಿಗೆ ಅದೇ. "ರದ್ದು ಮಾಡಿದ್ರೆ ಗಲಾಟೆ ಆಗುತ್ತೆ."

"ರದ್ದು ಮಾಡೋಕೆ ನಮಗೆ ಮುಖ ಇಲ್ಲ. ಕೊಡ್ತೀವಿ ಅಂದಿದ್ದೀವಿ, ಕೊಡೋಣ. ಅವಧಿ ತೆಗೆದುಹಾಕು, ಯಾವತ್ತು ಬೇಕಾದ್ರೂ ಬಳಸಲಿ. ಹೊಸದು ಕೊಡೋದು ಮಾತ್ರ ನಿಲ್ಲಲಿ. ಮೊದಲು ಜನರನ್ನ ಕರೆಸು."

"ಕರೆದು ಏನಂತ ಹೇಳೋದು?"

"ಇದ್ದದ್ದು ಇದ್ದ ಹಾಗೆ. ನಮ್ಮಲ್ಲಿ ಜಾಸ್ತಿ ಕನ್ನಡಕ ಕೊಂಡಿದ್ದೀರಿ, ಯಾಕೆ ಅಂತ ನಾವು ನೋಡಬೇಕಾಗಿತ್ತು, ನೋಡಿಲ್ಲ. ಬನ್ನಿ, ನೋಡ್ತೀವಿ."

ದೊಡ್ಡಪ್ಪ ಫೋನನ್ನು ಎತ್ತಿ ಮಗನ ಮುಂದಿಟ್ಟರು. ಪರ್ಸೆಂಟಣ್ಣ ಮೊದಲನೆಯ ಬಂಗಾರದ ಸದಸ್ಯರಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಒಬ್ಬ ನಿವೃತ್ತ ಬ್ಯಾಂಕಿನವರು ಎತ್ತಿದರು. "ಪ್ರಿಯ ಗ್ರಾಹಕರೇ" ಎಂದು ಬಾಯಿಗೆ ಬಂದದ್ದನ್ನು ಅವನು ನುಂಗಿದ. ತಡವರಿಸಿದ. ಜೀವಮಾನದಲ್ಲಿ ಮೊದಲ ಬಾರಿಗೆ ಪರ್ಸೆಂಟಿಲ್ಲದೆ ಮಾತಾಡಿದ. ಮಾರುವುದೇನೂ ಇಲ್ಲ ಸಾರ್, ನಿಮ್ಮ ಕಣ್ಣನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕು, ಬಿಟ್ಟಿ, ನಮ್ಮದೇ ತಪ್ಪಾಗಿರಬಹುದು ಎಂದ. ನಿಜವಾಗಿಯೇ ಹೇಳುತ್ತಿದ್ದ, ಹಣೆಯಲ್ಲಿ ಬೆವರು ಬಂದಿತ್ತು. ಬೇಡಮ್ಮನಿಗೆ ಒಂದು ಗಳಿಗೆ ಅವನ ಮೇಲೆ ಕನಿಕರ ಹುಟ್ಟಿತು.

ಆ ಕಡೆಯಿಂದ ಲೆಕ್ಕ ಗೊತ್ತಿದ್ದವರ ದನಿ: "ಬಂದ್ರೆ ಎಷ್ಟು ಪಾಯಿಂಟು ಕೊಡ್ತೀರಿ?"

ಪರ್ಸೆಂಟಣ್ಣ ಅಪ್ಪನ ಮುಖ ನೋಡಿದ, ಅಪ್ಪ ಮೇಜು ನೋಡಿದರು. ಬೇಡಮ್ಮ ಮುಂದೆ ಬಾಗಿ, "ಪಾಯಿಂಟು ಇಲ್ಲ ಸಾರ್. ಆ ಯೋಜನೆ ನಿಂತುಹೋಯ್ತು. ಬರೀ ನಿಮ್ಮ ಕಣ್ಣಿಗೋಸ್ಕರ ಕರೀತಿದ್ದೀವಿ" ಎಂದಳು.

"ನಿಂತುಹೋಯ್ತಾ?" ಅವರು ನಕ್ಕರು. ಅಂಗಡಿಯವರ ಆಟವೆಲ್ಲ ಬಲ್ಲವರ ನಗು. "ನಿಮ್ಮ ಅಂಗಡಿ ನನಗೆ ಗೊತ್ತಿಲ್ವಾ ತಾಯಿ. ಮುಂದಿನ ತಿಂಗಳು ಡಬಲ್ ಪಾಯಿಂಟ್ ವಾರ ಬಂದೇ ಬರುತ್ತೆ, ಆಗಲೇ ಬರ್ತೀನಿ. ಅಲ್ಲೀವರೆಗೆ ಕಣ್ಣು ಎಲ್ಲಿಗೂ ಹೋಗಲ್ಲ ಬಿಡಿ."

ಫೋನ್ ಕಡಿದುಹೋಯಿತು. ಬೇಡಮ್ಮ ಆ ಕುರ್ಚಿಯನ್ನು ಎಳೆದುಕೊಂಡು ಕೂತು, ಅದೇ ನಂಬರಿಗೆ ತಾನೇ ಮತ್ತೆ ಕರೆ ಮಾಡಿದಳು. ಅವರು ಎತ್ತಲಿಲ್ಲ.